ಟೂ-ವೇ, ತ್ರೀ-ವೇ ಓವರ್‌ಹೆಡ್ ವೇರಿಯನ್ಸ್: 3,000 ತಾಳೆ ಆಗ್ತಿಲ್ಲ

ಶಾಪ್‌ಫ್ಲೋರ್_ಹುಡುಗ:
ಎರಡು ದಿನದಿಂದ ಒಂದೇ ಶೀಟ್ ನೋಡಿ ನೋಡಿ ತಲೆ ಕೆಟ್ಟಿದೆ. ಟೂ-ವೇನಲ್ಲಿ ಬಜೆಟ್ ವೇರಿಯನ್ಸ್ 5,500, ವಾಲ್ಯೂಮ್ 6,000, ಎರಡೂ ಪ್ರತಿಕೂಲ. ತ್ರೀ-ವೇ ಅಂದ್ರೆ ಆ 5,500ನ್ನೇ ಸ್ಪೆಂಡಿಂಗ್, ಎಫಿಶಿಯನ್ಸಿ ಅಂತ ಒಡೆಯೋದು ತಾನೆ? ನನಗೆ ಸ್ಪೆಂಡಿಂಗ್ 3,500, ಎಫಿಶಿಯನ್ಸಿ 5,000 ಬರ್ತಿದೆ. ಕೂಡಿದ್ರೆ 8,500. ಈ 3,000 ಎಲ್ಲಿಂದ ಬಂತು? ಫಾರ್ಮುಲಾ ಎಲ್ಲ ಸರಿ ಇದೆ, ನೋಡಿಯಾಗಿದೆ.

ಅರೆಗಂಟೆ:
ಗೊತ್ತಿರೋ ಕಾಯಿಲೆ. ಟೂ-ವೇ ಬಜೆಟ್ಟನ್ನ ದುಡಿದ ಗಂಟೆ ಮೇಲೆ ಹಾಕಿರ್ತೀರಿ. ತಯಾರಾದ ಮಾಲಿಗೆ ಸಲ್ಲುವ ಸ್ಟ್ಯಾಂಡರ್ಡ್ ಗಂಟೆ ಮೇಲೆ ಹಾಕಬೇಕು.

ಶಾಪ್‌ಫ್ಲೋರ್_ಹುಡುಗ:
ಸ್ಟ್ಯಾಂಡರ್ಡ್ 9,000 ಗಂಟೆ ಮೇಲೇ ಹಾಕಿದ್ದೀನಿ. ದುಡಿದದ್ದು 9,500.

ಅರೆಗಂಟೆ:
ಇನ್ನೊಮ್ಮೆ ನೋಡಿ. ಸೆಲ್ ಲಿಂಕ್ ತಪ್ಪಿರುತ್ತೆ. ನಾನು ಕಂಡ ಕೇಸೆಲ್ಲ ಇದೇ.

ಪಿವಟ್_ಪ್ರಿಯ:
ತ್ರೀ-ವೇ ಯಾಕೆ ಇಟ್ಕೊಂಡಿದ್ದೀರಿ ಮಾರಾಯ್ರೆ? ನಾನು ಹನ್ನೆರಡು ವಿಭಾಗಕ್ಕೂ ಫೋರ್-ವೇ ಮಾಡಿಟ್ಟಿದ್ದೀನಿ. ಫಿಕ್ಸೆಡ್ ಸ್ಪೆಂಡಿಂಗ್ ಬೇರೆ, ವೇರಿಯಬಲ್ ಸ್ಪೆಂಡಿಂಗ್ ಬೇರೆ. ರಿಫ್ರೆಶ್ ಒತ್ತಿದ್ರೆ ಸಾಕು, ಬಣ್ಣ ಸಮೇತ ಬರುತ್ತೆ.

ಶಾಪ್‌ಫ್ಲೋರ್_ಹುಡುಗ:
ನಮ್ಮಲ್ಲಿ ಖರ್ಚೆಲ್ಲ ಒಂದೇ ಖಾತೆಗೆ ಬೀಳುತ್ತೆ. ಒಟ್ಟು 1,01,500. ಅದರಲ್ಲಿ ಫಿಕ್ಸೆಡ್ ಎಷ್ಟು ಅಂತ ಯಾರೂ ಬೇರೆ ಮಾಡಿಲ್ಲ.

ಹಳೇಲೆಡ್ಜರ್:
ಹಾಗಿದ್ರೆ ಫೋರ್-ವೇ ಸಾಧ್ಯವೇ ಇಲ್ಲ, ಆ ಮಾತು ಬಿಡಿ. ಖರ್ಚು ಹೀಗೆ ಒಟ್ಟಾಗಿ ಬಂದಾಗ ತ್ರೀ-ವೇನೇ ಗತಿ. ಒಂದು ಪ್ರಶ್ನೆ: ಹೆಚ್ಚಾದ 500 ಗಂಟೆಯನ್ನ ಯಾವ ದರದಿಂದ ಗುಣಿಸಿದ್ರಿ?

ಶಾಪ್‌ಫ್ಲೋರ್_ಹುಡುಗ:
10ರಿಂದ. ಅದನ್ನೂ ಹೇಳಬೇಕಾ? ವೇರಿಯಬಲ್ 4, ಫಿಕ್ಸೆಡ್ 6. ಫಿಕ್ಸೆಡ್ ಬಜೆಟ್ 60,000, ಸಾಮರ್ಥ್ಯ 10,000 ಗಂಟೆ.

ಹಳೇಲೆಡ್ಜರ್:
ಹೇಳಬೇಕಾಗಿದ್ದದ್ದೇ ಅದು. 500 × 6 = 3,000, ನೀವು ಹುಡುಕ್ತಿರೋದು ಇದನ್ನೇ. ಕೆಲಸ ನಿಧಾನವಾದ್ರೆ ವೇರಿಯಬಲ್ ಖರ್ಚು ಏರುತ್ತೆ, ಫಿಕ್ಸೆಡ್ ಬಜೆಟ್ ಇದ್ದಲ್ಲೇ ಇರುತ್ತೆ. ಟೂ-ವೇ ಜೊತೆ ತಾಳೆ ಆಗಬೇಕು ಅಂದ್ರೆ ಎಫಿಶಿಯನ್ಸಿಗೆ 4 ಮಾತ್ರ ಹಿಡೀರಿ. ಸ್ಪೆಂಡಿಂಗ್, ಎಫಿಶಿಯನ್ಸಿ, ವಾಲ್ಯೂಮ್ ಈ ಕ್ರಮದಲ್ಲಿ:

```
=101500-(60000+4*9500)
=4*(9500-9000)
=60000-6*9000
```

3,500, 2,000, 6,000. ಮೊದಲಿನ ಎರಡು ಕೂಡಿದ್ರೆ ನಿಮ್ಮ 5,500. ವಾಲ್ಯೂಮ್ ಎರಡು ಪದ್ಧತಿಯಲ್ಲೂ ಅಲುಗಾಡಲ್ಲ.

ಅರೆಗಂಟೆ:
ನಾನು ಓದಿದ ಪಾಠದಲ್ಲಿ ಎಫಿಶಿಯನ್ಸಿಗೆ ಒಟ್ಟು ದರವೇ ಇತ್ತು. ಅದು ತಪ್ಪಾ ಹಾಗಾದ್ರೆ?

ಹಳೇಲೆಡ್ಜರ್:
ತಪ್ಪಲ್ಲ, ಅದು ಇನ್ನೊಂದು ತ್ರೀ-ವೇ. ಅದರಲ್ಲಿ ಮೂರನೆಯದು ವಾಲ್ಯೂಮ್ ಅಲ್ಲ, ಐಡಲ್ ಕೆಪ್ಯಾಸಿಟಿ. 10,000 ಗಂಟೆಯಲ್ಲಿ 9,500 ದುಡಿದ್ರು, ಉಳಿದ 500ಕ್ಕೆ 6ರಂತೆ 3,000. ಆಗ 3,500, 5,000, 3,000. ಅಂದ್ರೆ ವಾಲ್ಯೂಮಿನ 6,000ದಲ್ಲಿ ಅರ್ಧ ಎಫಿಶಿಯನ್ಸಿ ಸಾಲಿಗೆ ಹೋಗಿ ಕೂತಿರುತ್ತೆ. ಹುಡುಗ್ರೇ, ನಿಮ್ಮ ಶೀಟಲ್ಲಿ ಮೂರನೇ ಸಾಲು ಎಷ್ಟಿದೆ?

ಶಾಪ್‌ಫ್ಲೋರ್_ಹುಡುಗ:
ಅಯ್ಯೋ. ಮೊದಲು 3,000 ಅಂತಲೇ ಇತ್ತು. ಟೂ-ವೇ ವಾಲ್ಯೂಮ್ 6,000 ಇದ್ದದ್ದಕ್ಕೆ ಟೆಂಪ್ಲೇಟೇ ತಪ್ಪು ಅಂದ್ಕೊಂಡು ನಾನೇ 6,000 ಟೈಪ್ ಮಾಡಿದ್ದೆ. ಅದು ಮುಖ್ಯ ಅನ್ನಿಸಲಿಲ್ಲ.

ಹಳೇಲೆಡ್ಜರ್:
ಹಂಗಾಗಿ ಈಗ ಮೂರೂ ಸೇರಿ 14,500 ಆಗಿದೆ. 9,000 ಗಂಟೆಗೆ 10ರಂತೆ ಉತ್ಪಾದನೆಗೆ ಹಚ್ಚಿದ್ದು 90,000, ಖರ್ಚು 1,01,500. ಇದ್ದ ಕೊರತೆಯೇ 11,500. ಈ ಒಂದು ಕೂಡಿಕೆ ಮೊದಲ ದಿನವೇ ಮಾಡಿದ್ರೆ ಎರಡು ಪದ್ಧತಿ ಬೆರಕೆ ಆಗಿರೋದು ಅಲ್ಲೇ ಕಾಣ್ತಿತ್ತು.

ಪಿವಟ್_ಪ್ರಿಯ:
ನನಗೆ ಒಟ್ಟು ದರವೇ ಸರಿ ಅನ್ಸುತ್ತೆ. 500 ಗಂಟೆ ಮೆಷಿನ್ ಸುಮ್ನೆ ತಿಂದಿದೆ, ಅದರ ಫಿಕ್ಸೆಡ್ ಪಾಲೂ ನಿಧಾನದ ತಲೆಗೇ ಬರಬೇಕು.

ಹಳೇಲೆಡ್ಜರ್:
ಆರ್ಡರ್ ಸಾಲುಗಟ್ಟಿ ನಿಂತಿದ್ರೆ ಒಪ್ಪೋಣ. ಇಲ್ಲಿ ಇನ್ನೂ 500 ಗಂಟೆ ಖಾಲಿ ಬಿದ್ದಿತ್ತಲ್ಲ. ನಿಧಾನದಿಂದ ಯಾವ ಕೆಲಸ ತಪ್ಪಿಹೋಯ್ತು?

ಪಿವಟ್_ಪ್ರಿಯ:
ಈ ತಿಂಗಳು ಖಾಲಿ, ಮುಂದಿನ ತಿಂಗಳು? ಸೂಪರ್‌ವೈಸರ್‌ಗೆ 2,000 ಅಂತ ತೋರಿಸಿದ್ರೆ ಅವನು ಕ್ಯಾರೇ ಅನ್ನಲ್ಲ.

ಹಳೇಲೆಡ್ಜರ್:
ಹೆದರಿಸೋಕೆ ಬೇರೆ ದಾರಿ ಹುಡುಕಿ. ಫಿಕ್ಸೆಡ್ ಬಜೆಟ್ ಅವನ ಕೈಲಿಲ್ಲ.

ಶಾಪ್‌ಫ್ಲೋರ್_ಹುಡುಗ:
4 ಹಾಕಿದೆ, 5,500 ಬಂತು. ಆದರೆ ಕಳೆದ ಆರು ತಿಂಗಳ ವರದಿಯಲ್ಲೂ ಎಫಿಶಿಯನ್ಸಿ 10ರ ದರದಲ್ಲೇ ಹೋಗಿದೆ. ಈ ತಿಂಗಳು ದಿಢೀರ್ ಅಂತ ಇಳಿದಂಗೆ ಕಾಣುತ್ತೆ. ಹಳೇವನ್ನೂ ತಿದ್ದಬೇಕಾ, ಇಲ್ಲಾ ಐಡಲ್ ಕೆಪ್ಯಾಸಿಟಿ ಪದ್ಧತಿಗೇ ವಾಪಸ್ ಹೋಗ್ಲಾ?

ಅರೆಗಂಟೆ:
ಏನೇ ಇರಲಿ, ಆ ಸೆಲ್ ಲಿಂಕ್ ಒಂದ್ಸಲ ನೋಡಿಬಿಡಿ.