ಹಲಸಿನ ಬೀಜದ ಹಿಟ್ಟು: ಹುರಿದು ಬೀಸಿದರೂ ಹೊಟ್ಟೆ ಉಬ್ಬರ, ಯಾಕೆ?

ಹಿತ್ತಲಮನೆ (ತೀರ್ಥಹಳ್ಳಿ)

ಈ ಸಲ ಬಕ್ಕೆ ಹಲಸು ಚೆನ್ನಾಗಿ ಬಿಟ್ಟಿತ್ತು, ಬೀಜ ರಾಶಿ ಉಳಿಯಿತು. ಹೊರಗಿನ ಬಿಳಿ ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ಬಿಸಿಲು ಬಂದಾಗ ಬಿಸಿಲಲ್ಲಿ, ಇಲ್ಲದಾಗ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದೆ. ಕಟ್ ಅಂತ ಮುರಿಯುವಷ್ಟು ಒಣಗಿದ ಮೇಲೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿದು ಗಿರಣಿಗೆ ಕೊಟ್ಟೆ. ಎರಡು ಕಿಲೋ ಹಿಟ್ಟಾಗಿದೆ.

ಬೆಳಿಗ್ಗೆ ಮಕ್ಕಳಿಗೆ ಬಿಸಿ ಹಾಲಿಗೆ ಎರಡು ಚಮಚ ಹಿಟ್ಟು, ಬೆಲ್ಲ ಹಾಕಿ ಕಲಸಿ ಕೊಡುತ್ತೇನೆ. ತುಪ್ಪ ಹಾಕಿ ಉಂಡೆಯನ್ನೂ ಕಟ್ಟಿದ್ದೇನೆ. ಅಕ್ಕಿ ರೊಟ್ಟಿಗೂ ಕಾಲು ಭಾಗ ಸೇರಿಸುತ್ತೇನೆ. ರೊಟ್ಟಿ ತಿಂದ ದಿನ ಯಾರಿಗೂ ಏನೂ ಆಗುವುದಿಲ್ಲ. ಹಾಲು, ಉಂಡೆ ಆದ ದಿನ ಮನೆಮಂದಿಗೆಲ್ಲ ಹೊಟ್ಟೆ ಭಾರ, ವಾಯು. ಬೀಜದಲ್ಲಿ ಟ್ರಿಪ್ಸಿನ್ ಇನ್ಹಿಬಿಟರ್ ಅಂತ ಇರುತ್ತದೆ, ಪ್ರೋಟೀನ್ ಅರಗಲು ಬಿಡುವುದಿಲ್ಲ, ಬಿಸಿ ಮಾಡಿದರೆ ಹೋಗುತ್ತದೆ ಎಂದು ಓದಿದ್ದೆ. ಹುರಿದಿದ್ದೇನಲ್ಲ, ಮತ್ತೆ ಯಾಕೆ ಹೀಗೆ? ಇರುವ ಹಿಟ್ಟನ್ನು ಏನು ಮಾಡಲಿ?

ಕರಾವಳಿ ಭಟ್ರು

ಹುರಿದ ಮೇಲೆ ಅದು ಉಳಿಯುವುದಿಲ್ಲ, ಆ ಚಿಂತೆ ಬಿಡಿ. ಕುದಿಯುವ ನೀರಿಗಿಂತ ಬಾಣಲೆ ಎಷ್ಟೋ ಹೆಚ್ಚು ಬಿಸಿ ಇರುತ್ತದೆ. ನಮ್ಮ ಅಜ್ಜಿಯವರೆಲ್ಲ ಕೆಂಡದಲ್ಲಿ ಸುಟ್ಟು ತಿಂದವರೇ. ನಿಮ್ಮ ತೊಂದರೆ ಒಳಗಿನ ಕಂದು ಸಿಪ್ಪೆಯದ್ದು, ಅದು ಬರೀ ನಾರು. ಮುಂದಿನ ಸಲ ಅದನ್ನೂ ಕೆರೆದು ತೆಗೆಯಿರಿ.

ಶಾಲಿನಿ ಮೈಸೂರು

ನಮ್ಮ ಅಪ್ಪನಿಗೆ ಶುಗರ್ ಇದೆ. ಹಲಸಿನ ತೊಳೆ ತಿನ್ನಬಹುದಾ? ನಾರು ಜಾಸ್ತಿ ಇರುವುದರಿಂದ ಪರವಾಗಿಲ್ಲ ಅಂತ ಕೆಲವರು ಹೇಳುತ್ತಾರೆ.

ಪಾಕಶಾಲೆ

ಶಾಲಿನಿ ಅವರೇ, ಇಲ್ಲಿ ಮಾತು ಬೀಜದ್ದು. ಆದರೂ ಒಂದು ಮಾತು: ಬೆಳೆದ ಕಾಯಿಯ ತೊಳೆಯಲ್ಲಿ ಇರುವುದು ಹೆಚ್ಚಾಗಿ ಪಿಷ್ಟ, ಹಣ್ಣಾಗುತ್ತ ಅದೇ ಸಕ್ಕರೆಯಾಗುತ್ತದೆ. ಕಾಯಿ ಪಲ್ಯವೂ ಹಣ್ಣಿನ ತೊಳೆಯೂ ಒಂದೇ ಲೆಕ್ಕಕ್ಕೆ ಬರುವುದಿಲ್ಲ. ನಾರಿದೆ ಅಂತ ಹಣ್ಣನ್ನು ಮನಬಂದಷ್ಟು ಕೊಡಬೇಡಿ, ಅವರ ಡಾಕ್ಟರನ್ನು ಕೇಳಿಯೇ ಅಳತೆ ಇಟ್ಟುಕೊಳ್ಳಿ.

ಹಿತ್ತಲಮನೆಯವರೇ, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಹಿಟ್ಟು ಒಂದೇ, ರೊಟ್ಟಿಯಾದರೆ ಸರಿ, ಹಾಲಿಗೆ ಹಾಕಿದರೆ ತೊಂದರೆ. ರೊಟ್ಟಿಗೆ ಹಿಟ್ಟನ್ನು ಹೇಗೆ ಕಲಸುತ್ತೀರಿ? ಕುದಿನೀರಲ್ಲಿ ಉಕ್ಕರಿಸುತ್ತೀರಾ?

ಹಿತ್ತಲಮನೆ (ತೀರ್ಥಹಳ್ಳಿ)

ಹೌದು. ಅಕ್ಕಿ ಹಿಟ್ಟು, ಬೀಜದ ಹಿಟ್ಟು ಎರಡನ್ನೂ ಒಟ್ಟಿಗೆ ಕುದಿನೀರಿಗೆ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ನಾದುತ್ತೇನೆ.

ಪಾಕಶಾಲೆ

ಅಲ್ಲೇ ವ್ಯತ್ಯಾಸ. ಬಿಸಿ ಒಂದೇ ಸಾಲದು, ಬಿಸಿ ತಾಗುವಾಗ ಒಳಗೆ ನೀರಿರಬೇಕು.

ಟ್ರಿಪ್ಸಿನ್ ಇನ್ಹಿಬಿಟರ್ ಕೂಡ ಒಂದು ಪ್ರೋಟೀನೇ. ನಮ್ಮ ಸಣ್ಣ ಕರುಳಿನಲ್ಲಿ ಪ್ರೋಟೀನನ್ನು ತುಂಡರಿಸುವ ಟ್ರಿಪ್ಸಿನ್‌ಗೆ ಅದು ಹೋಗಿ ಕಚ್ಚಿಕೊಂಡು ಕೂರುತ್ತದೆ. ಹಾಗೆ ಕಚ್ಚಲು ಅದರ ಆಕಾರ ಸರಿಯಾಗಿ ಇರಬೇಕು. ನೀರಿನ ಜೊತೆ ಬಿಸಿ ಬಿದ್ದರೆ ಆ ಮಡಿಕೆ ಬಿಚ್ಚಿ ಆಕಾರ ಕೆಡುತ್ತದೆ. ಒಣಗಿದ ಬೀಜದಲ್ಲಿ ಅದೇ ಪ್ರೋಟೀನು ಗಟ್ಟಿಯಾಗಿ ಬಿಗಿದುಕೊಂಡಿರುತ್ತದೆ, ಹೆಚ್ಚು ಬಿಸಿಯನ್ನೂ ತಡೆಯುತ್ತದೆ. ಬಾಣಲೆಯಲ್ಲಿ ಹೊರಮೈ ಕಂದಾಗಿ ಘಮ ಬರುತ್ತದೆ, ಒಳಗಿನದ್ದು ಬಹುಪಾಲು ಹಾಗೇ ಉಳಿಯಬಹುದು. ಘಮವನ್ನು ನಂಬಿ ಬೆಂದಿದೆ ಅನ್ನುವಂತಿಲ್ಲ.

ಭಟ್ರೇ, ಕೆಂಡದ ಮಾತು ಸರಿ, ಆದರೆ ಅಜ್ಜಿ ಸುಟ್ಟದ್ದು ಹಸಿ ಬೀಜ. ಹಸಿ ಬೀಜದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಸಿಪ್ಪೆಯೊಳಗೆ ಅದು ತನ್ನದೇ ಆವಿಯಲ್ಲಿ ಬೇಯುತ್ತದೆ. ಸಾಂತಾಣಿಯಲ್ಲೂ ಇದೇ ಕ್ರಮ, ಮೊದಲು ಉಪ್ಪುನೀರಲ್ಲಿ ಬೇಯಿಸುವುದು, ಆಮೇಲೆ ಒಣಗಿಸುವುದು. ಹಿತ್ತಲಮನೆಯಲ್ಲಿ ಒಣಗಿಸುವುದು ಮೊದಲಾಯಿತು, ಬೇಯಿಸುವುದು ಬಿಟ್ಟೇ ಹೋಯಿತು.

ಇನ್ನೊಂದು ವಿಷಯ. ವಾಯುವಿನ ಪೂರ್ತಿ ಹೊಣೆಯನ್ನು ಇನ್ಹಿಬಿಟರ್ ಮೇಲೆ ಹಾಕಬೇಡಿ. ಅದು ಕೆಡಿಸುವುದು ಪ್ರೋಟೀನ್ ಅರಗುವುದನ್ನು. ಒಣಬೀಜದಲ್ಲಿ ಅರ್ಧಕ್ಕೂ ಹೆಚ್ಚು ಇರುವುದು ಪಿಷ್ಟ, ಅದರ ಹಸಿ ಕಣಗಳನ್ನು ಒಡೆಯುವುದು ಕರುಳಿಗೆ ಕಷ್ಟ. ಅವು ಹಾಗೇ ದೊಡ್ಡ ಕರುಳು ತಲುಪಿ ನಾರಿನ ಜೊತೆ ಹುಳಿದು ಗ್ಯಾಸ್ ಆಗುತ್ತವೆ. ಈ ಪಿಷ್ಟ ಉಬ್ಬಿ ಬೇಯಲು ನೀರೂ ಬೇಕು, 80 ಡಿಗ್ರಿ ಆಸುಪಾಸಿನ ಬಿಸಿಯೂ ಬೇಕು. ಲೋಟದ ಹಾಲಿಗೆ ಹಿಟ್ಟು ಬಿದ್ದ ಕೂಡಲೇ ಹಾಲು ಅದಕ್ಕಿಂತ ಕೆಳಗೆ ಇಳಿದಿರುತ್ತದೆ. ಕಂದು ಸಿಪ್ಪೆಯ ನಾರಿಂದಲೇ ತೊಂದರೆ ಆಗಿದ್ದರೆ ರೊಟ್ಟಿಯಲ್ಲೂ ಆಗಬೇಕಿತ್ತು, ಅದೇ ಹಿಟ್ಟು ತಾನೇ.

ಕೋಳಿ ಮನೆ

ನಮ್ಮಲ್ಲಿ ಹಸಿ ಬೀಜ ಜಜ್ಜಿ ನಾಟಿ ಕೋಳಿ ಮರಿಗಳಿಗೆ ಹಾಕುತ್ತಿದ್ದೆವು. ಚೆನ್ನಾಗಿ ತಿನ್ನುತ್ತವೆ, ಬೆಳವಣಿಗೆ ಮಾತ್ರ ಇಲ್ಲ. ಇದೇ ಕಾರಣವಾ?

ಪಾಕಶಾಲೆ

ಇರಬಹುದು. ಹಸಿ ಸೋಯಾ ತಿಂದ ಮರಿಗಳಲ್ಲಿ ಹೀಗಾಗುವುದು ಗೊತ್ತಿರುವ ವಿಷಯ. ಟ್ರಿಪ್ಸಿನ್ ಸಾಲದೆ ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸುತ್ತ ಹೋಗಿ ತಾನೇ ದಪ್ಪವಾಗುತ್ತದೆ, ಮರಿ ಬೆಳೆಯುವುದಿಲ್ಲ. ಆದರೆ ಮರಿಗಳಿಗೆ ಜಂತುಹುಳು ಇದ್ದರೂ, ಬೇರೆ ಪ್ರೋಟೀನ್ ಕಡಿಮೆಯಾದರೂ ಹೀಗೇ ಕಾಣುತ್ತದೆ. ಬೀಜ ಬೇಯಿಸಿ ಹಾಕಿ ನೋಡಿ, ಜೊತೆಗೆ ಪಶುವೈದ್ಯರಿಗೂ ತೋರಿಸಿ.

ಈಗ ಆ ಎರಡು ಕಿಲೋ ಹಿಟ್ಟು. ಮತ್ತೆ ಹುರಿದು ಪ್ರಯೋಜನವಿಲ್ಲ. ಗಂಜಿ, ಅಂಬಲಿ, ಕಡುಬು, ಸಾರಿನ ಗಟ್ಟಿಗೆ ಬಳಸಿ. ಗಂಜಿಗಾದರೆ ಒಂದು ಲೋಟ ತಣ್ಣೀರಿಗೆ ಎರಡು ಚಮಚ ಹಿಟ್ಟು ಗಂಟಿಲ್ಲದ ಹಾಗೆ ಕಲಸಿ, ಅರ್ಧ ಗಂಟೆ ನೆನೆಯಲು ಬಿಡಿ. ಹಿಟ್ಟಿನ ಕಣದೊಳಗೆ ನೀರು ಇಳಿಯಲಿ ಎಂದೇ ಈ ನೆನೆಸುವುದು. ಆಮೇಲೆ ಸಣ್ಣ ಉರಿಯಲ್ಲಿ ಕದಡುತ್ತ 15–20 ನಿಮಿಷ ಕುದಿಸಿ, ಗಟ್ಟಿಯಾದರೆ ಬಿಸಿನೀರು ಸೇರಿಸಿ. ಹಾಲು, ಬೆಲ್ಲ ಕೊನೆಗೆ. ಉಂಡೆಗೆ ಈ ಹಿಟ್ಟು ಬೇಡ, ತುಪ್ಪದಲ್ಲಿ ನೀರಿಲ್ಲ.

ಮುಂದಿನ ವರ್ಷಕ್ಕೆ: ಬಿಳಿ ಸಿಪ್ಪೆ ತೆಗೆದ ಬೀಜವನ್ನು ಎರಡು ಹೋಳು ಮಾಡಿ, ಮುಳುಗುವಷ್ಟು ನೀರು ಹಾಕಿ, ಕುಕ್ಕರಿನಲ್ಲಿ ಮೊದಲ ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ 15 ನಿಮಿಷ. ತೆರೆದ ಪಾತ್ರೆಯಾದರೆ ಮುಕ್ಕಾಲು ಗಂಟೆ. ನೀರು ಚೆಲ್ಲಿ, ದೊಡ್ಡ ಹೋಳೊಂದನ್ನು ಅಡ್ಡ ಕತ್ತರಿಸಿ ನೋಡಿ. ಪೂರ್ತಿ ಬೆಂದಿದ್ದರೆ ಅಂಚಿನಿಂದ ನಡುವಿನ ತನಕ ಮೇಣದ ಹಾಗೆ ಒಂದೇ ಬಣ್ಣ. ನಡುವೆ ಸುಣ್ಣದಂಥ ಬಿಳಿ ಚುಕ್ಕೆ ಇದ್ದು, ಉಗುರಲ್ಲಿ ಕೆರೆದರೆ ಪುಡಿ ಉದುರಿದರೆ ಅಲ್ಲಿ ಪಿಷ್ಟ ಹಸಿಯೇ, ಬಿಸಿ ನಡುವಿಗೆ ಇಳಿದಿಲ್ಲ ಎಂದರ್ಥ. ಆದರೆ ಚುಕ್ಕೆ ಮಾಯವಾದ ಕೂಡಲೇ ಒಲೆ ಆರಿಸಬೇಡಿ. ಅದು ಪಿಷ್ಟ ಬೆಂದ ಗುರುತು ಮಾತ್ರ, ಇನ್ಹಿಬಿಟರ್‌ಗೆ ಇನ್ನೂ ಸ್ವಲ್ಪ ಹೊತ್ತು ಬೇಕು. ಅದು ಎಷ್ಟು ಉಳಿದಿದೆ ಎಂದು ಮನೆಯಲ್ಲಿ ಅಳೆಯುವ ದಾರಿ ಇಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು.

ಬೆಂದ ಹೋಳು ಹಸಿಯದ್ದಕ್ಕಿಂತ ನಿಧಾನ ಒಣಗುತ್ತದೆ, ಮಳೆಗಾಲದಲ್ಲಿ ಬೂಷ್ಟು ಬರುವುದು ಇಲ್ಲೇ. ಬೇಯಿಸಿದ ದಿನವೇ ತೆಳ್ಳಗೆ ಹೆಚ್ಚಿ ಒಲೆ ಮೇಲೆ ಹರಡಿ. ಒಣಗಿದ್ದು ಕಲ್ಲಿನಂತಾಗುತ್ತದೆ, ಮಿಕ್ಸಿಗೆ ಹಾಕಬೇಡಿ, ಗಿರಣಿಗೇ ಕೊಡಿ.

ಕರಾವಳಿ ಭಟ್ರು

ಒಣ ಬೀಜ, ಹಸಿ ಬೀಜದ ವ್ಯತ್ಯಾಸ ಒಪ್ಪಿದೆ. ಆದರೂ ಕಂದು ಸಿಪ್ಪೆ ತೆಗೆದರೆ ವಾಯು ಕಡಿಮೆ ಅನ್ನುವುದು ನಮ್ಮ ಮನೆಯ ಅನುಭವ.

ಹಿತ್ತಲಮನೆ (ತೀರ್ಥಹಳ್ಳಿ)

ಪಾಕಶಾಲೆ ಅಕ್ಕ, ನೀವು ಹೇಳಿದ ಹಾಗೆ ಗಂಜಿ ಕುದಿಸಿ ಕೊಡುತ್ತಿದ್ದೇನೆ, ಮಕ್ಕಳಿಗೆ ಹೊಟ್ಟೆ ಭಾರ ಇಲ್ಲ. ನನಗೆ ಮಾತ್ರ ರಾತ್ರಿ ಉಳಿದ ತಣ್ಣಗಿನ ಗಂಜಿ ತಿಂದರೆ ಈಗಲೂ ಸ್ವಲ್ಪ ವಾಯು.

ಪಾಕಶಾಲೆ

ಬೆಂದ ಪಿಷ್ಟ ತಣ್ಣಗಾದಾಗ ಒಂದಷ್ಟು ಮತ್ತೆ ಗಟ್ಟಿಕಟ್ಟಿ ಅರಗದ ರೂಪಕ್ಕೆ ಬರುತ್ತದೆ. ಇನ್ಹಿಬಿಟರ್ ಮರಳಿ ಬಂದಿದ್ದಲ್ಲ. ಬಿಸಿಬಿಸಿ ಕುಡಿದು ನೋಡಿ. ಆಗಲೂ ವಾಯು ಇದ್ದರೆ ಭಟ್ರು ಹೇಳಿದ ಹಾಗೆ ಸ್ವಲ್ಪ ಬೀಜದ ಕಂದು ಸಿಪ್ಪೆ ಕೆರೆದು ಬೇಯಿಸಿ ನೋಡಿ, ಏನಾಯಿತು ಅಂತ ಇಲ್ಲೇ ಬರೆಯಿರಿ.