ಮಗನಿಗೆ ಲೆಕ್ಕ ಹೇಳಿಕೊಡುವಾಗ ಏರುವ ಸಿಟ್ಟನ್ನು ಎಲ್ಲಿ ತಡೆಯುವುದು?

ಬೆಂಗಳೂರಿನ ತಂದೆ: ಕಚೇರಿಯಿಂದ ಬಂದ ಕೂಡಲೇ ಐದನೆಯ ತರಗತಿಯ ಮಗನಿಗೆ ಲೆಕ್ಕ ಹೇಳಿಕೊಡಲು ಕೂರುತ್ತೇನೆ. ಅವನು ಒಂದು ತಪ್ಪು ಮಾಡಿದರೆ ಸಾಕು, ಕಿರುಚಿಬಿಡುತ್ತೇನೆ. ಹತ್ತರವರೆಗೆ ಎಣಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ನಿಮಗೆ ಯಾವುದು ಫಲ ಕೊಟ್ಟಿದೆ?

ಮೈಸೂರಿನ ಆಪ್ತಸಮಾಲೋಚಕಿ: ನನ್ನ ಬಳಿಗೆ ಬರುವ ತಂದೆತಾಯಿಯರಿಗೆ ನಾನು ಮೊದಲು ಹೇಳುವುದು, ಹಿಂದಿನ ಸಂಜೆಯ ಒಂದೇ ಒಂದು ಪ್ರಸಂಗವನ್ನು ಹಾಳೆಯ ಮೇಲೆ ನಿಧಾನವಾಗಿ ಬಿಡಿಸಿ ಬರೆಯಿರಿ ಎಂದು. ಮಗು 3/4 + 1/4 = 4/8 ಎಂದು ಬರೆಯಿತು ಎನ್ನೋಣ. ಸಿಟ್ಟನ್ನು ಕೆರಳಿಸಿದ್ದು ಇಷ್ಟೇ. ಆದರೆ ಅದರ ಬೆನ್ನಿಗೇ 'ನಿನ್ನೆ ತಾನೇ ಹೇಳಿಕೊಟ್ಟಿದ್ದೆ, ಬೇಕೆಂದೇ ಗಮನ ಕೊಡುತ್ತಿಲ್ಲ' ಎಂಬ ಯೋಚನೆ ಮಿಂಚಿಹೋಗುತ್ತದೆ. ದವಡೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ, ಎದೆ ಬಡಿತ ಏರುತ್ತದೆ. ಆಮೇಲೆ ಕೈ ಪುಸ್ತಕವನ್ನು ಕಿತ್ತುಕೊಳ್ಳುತ್ತದೆ. ಬೆದರಿದ ಮಗುವಿಗೆ ಮುಂದಿನ ಲೆಕ್ಕವೂ ಹೊಳೆಯುವುದಿಲ್ಲವಾದ್ದರಿಂದ ಅದೇ ಮತ್ತೊಂದು ಸಿಟ್ಟಿಗೆ ಕಾರಣವಾಗುತ್ತದೆ.

ಎಣಿಸುವುದು ಹಲವರಿಗೆ ಕೈಕೊಡುವುದು ಇಲ್ಲಿಯೇ: ಬಾಯಿ ಎಣಿಸುತ್ತಿರುವಾಗ ಮನಸ್ಸು 'ಬೇಕೆಂದೇ' ಎಂಬುದನ್ನೇ ಜಪಿಸುತ್ತಿರುತ್ತದೆ. ಆ ಯೋಚನೆಯ ಜಾಗಕ್ಕೆ 'ಪರವಾಗಿಲ್ಲ, ಶಾಂತವಾಗಿರು' ಎಂಬ ಮಾತನ್ನು ತಂದರೆ ಮನಸ್ಸು ನಂಬುವುದಿಲ್ಲ. ನಿಜವಾದ ಕಾರಣವನ್ನು ತಂದರೆ ನಂಬುತ್ತದೆ. ಆ ಮಗು ಪೂರ್ಣ ಸಂಖ್ಯೆಗಳನ್ನು ಕೂಡುವ ರೀತಿಯನ್ನೇ ಇಲ್ಲಿಗೂ ತಂದು, ಮೇಲಿನದನ್ನು ಮೇಲಿನದಕ್ಕೂ ಕೆಳಗಿನದನ್ನು ಕೆಳಗಿನದಕ್ಕೂ ಕೂಡಿದೆ. ಭಿನ್ನರಾಶಿ ಕಲಿಯುವ ಮಕ್ಕಳಲ್ಲಿ ಇದು ತೀರ ಸಾಮಾನ್ಯವಾದ ತಪ್ಪು. 'ಇದನ್ನು ಹೇಗೆ ಮಾಡಿದೆ, ಹೇಳು' ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಉತ್ತರ ಕೇಳಿಸಿಕೊಳ್ಳುವಷ್ಟರಲ್ಲಿ 'ಬೇಕೆಂದೇ' ಎಂಬ ಊಹೆ ಸಡಿಲವಾಗುತ್ತದೆ.

ದಾವಣಗೆರೆಯ ಓದುಗರು: ಸಿಟ್ಟನ್ನು ಒಳಗೇ ಅದುಮಿಟ್ಟುಕೊಳ್ಳಬಾರದು ಎಂಬುದು ನನ್ನ ಅನುಭವ. ನಾನು ಆ ಜಾಗದಿಂದ ಎದ್ದುಹೋಗಿ ದಿಂಬಿಗೆ ನಾಲ್ಕು ಗುದ್ದು ಹಾಕುತ್ತೇನೆ, ಇಲ್ಲವೇ ರಸ್ತೆಯಲ್ಲಿ ಓಡಿ ಬರುತ್ತೇನೆ. ಎಲ್ಲವೂ ಹೊರಗೆ ಹೋದಂತಾಗುತ್ತದೆ.

ಮೈಸೂರಿನ ಆಪ್ತಸಮಾಲೋಚಕಿ: ಎದ್ದುಹೋಗುವುದು ಸರಿಯಾದ ಕ್ರಮ. ಗುದ್ದುವುದನ್ನು ಮಾತ್ರ ನಾನು ಒಪ್ಪಲಾರೆ. 154 ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ದೀರ್ಘ ಉಸಿರಾಟ, ಧ್ಯಾನ, ಸ್ನಾಯುಗಳನ್ನು ಸಡಿಲಿಸುವಂಥ ದೇಹವನ್ನು ತಣಿಸುವ ಕ್ರಮಗಳು ಸಿಟ್ಟನ್ನು ಇಳಿಸಿದವು. ದೇಹವನ್ನು ಉದ್ರೇಕಿಸುವ ಕ್ರಮಗಳು ಒಟ್ಟಾರೆಯಾಗಿ ಇಳಿಸಲಿಲ್ಲ, ಓಟವಂತೂ ಹೆಚ್ಚಿಸಿತು. ಗುದ್ದುವಾಗ ಮಗನ ಮುಖವೇ ಕಣ್ಣಮುಂದಿದ್ದರೆ ಅದು ಸಿಟ್ಟಿನ ತಾಲೀಮೇ ಆಗುತ್ತದೆ. ಓಟ ಹೃದಯಕ್ಕೆ ಒಳ್ಳೆಯದು, ಬೆಳಿಗ್ಗೆ ಓಡಿ.

ತುಮಕೂರಿನ ತಾಯಿ: ನಮ್ಮ ಮನೆಯಲ್ಲಿಯೂ ಮಗನಿಗೆ ಇದೇ ಸಿಟ್ಟು. ಮೊಬೈಲ್ ಕೇಳಿ ಕೊಡದಿದ್ದರೆ ಚೀಲ ಎಸೆಯುತ್ತಾನೆ. ಶಾಲೆಯಿಂದ ಬಂದ ಮೇಲೆ ಏನಾದರೂ ತಿನ್ನಿಸಿ, ಅರ್ಧ ಗಂಟೆ ಯಾವ ಮಾತೂ ಎತ್ತದೆ ಬಿಟ್ಟರೆ ಕಡಿಮೆಯಾಗುತ್ತದೆ. ನಿಮ್ಮ ಮಗನಿಗೂ ಹಾಗೆ ಮಾಡಿ ನೋಡಿ.

ಹಾಸನದ ನಿವೃತ್ತ ಶಿಕ್ಷಕ: ಅವರು ಕೇಳಿದ್ದು ತಮ್ಮ ಸಿಟ್ಟಿನ ಬಗ್ಗೆ, ತಾಯಿ. ಆದರೂ ನಿಮ್ಮ ಉಪಾಯವನ್ನು ತಂದೆಗೇ ಅನ್ವಯಿಸಬಹುದು. ದಟ್ಟಣೆಯಲ್ಲಿ ಸಿಕ್ಕಿ, ಹಸಿದು ಬಂದವರ ದೇಹ ಬಾಗಿಲಲ್ಲೇ ಅರ್ಧ ಕುದಿದಿರುತ್ತದೆ. ಆಗ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ. ಊಟವಾದ ಮೇಲೆ ಲೆಕ್ಕಕ್ಕೆ ಕೂರಿ. ಅದಕ್ಕಿಂತಲೂ ನನಗೆ ಸರಿಯೆನಿಸುವುದು, ಲೆಕ್ಕವನ್ನು ತಾಯಿಗೋ ಟ್ಯೂಷನ್ನಿಗೋ ಬಿಟ್ಟು ನೀವು ಕನ್ನಡ ಓದಿಸುವುದು.

ಮೈಸೂರಿನ ಆಪ್ತಸಮಾಲೋಚಕಿ: ಮೊದಲ ಸಲಹೆ ಬಹಳ ಸರಿ, ಮೇಷ್ಟ್ರೇ. ಎರಡನೆಯದರ ಬಗ್ಗೆ ನನಗೆ ಅನುಮಾನವಿದೆ. ಕೆಲವು ವಾರ ಮನೆ ತಣ್ಣಗಾಗಲು ಅದು ನೆರವಾಗಬಹುದು. ಆದರೆ 'ಬೇಕೆಂದೇ' ಎಂಬ ಯೋಚನೆ ಹಾಗೆಯೇ ಉಳಿದರೆ ಕನ್ನಡದ ಒತ್ತಕ್ಷರ ತಪ್ಪಿದಾಗಲೂ ಅದೇ ಏಳುತ್ತದೆ.

ಹಾಸನದ ನಿವೃತ್ತ ಶಿಕ್ಷಕ: ಇರಬಹುದು. ಆದರೆ ಅಷ್ಟರಲ್ಲಿ ಮಗು ಲೆಕ್ಕವನ್ನೇ ದ್ವೇಷಿಸತೊಡಗಿದರೆ ಅದನ್ನು ಸರಿಪಡಿಸುವುದು ಇನ್ನೂ ಕಷ್ಟ. ಅಂಥ ಮಕ್ಕಳನ್ನು ತರಗತಿಯಲ್ಲಿ ಬಹಳ ನೋಡಿದ್ದೇನೆ.

ಬೆಂಗಳೂರಿನ ತಂದೆ: ಎಲ್ಲರಿಗೂ ಧನ್ಯವಾದ. ನನಗೆ ಮೊದಲು ಗೊತ್ತಾಗುವುದು ಪೆನ್ನನ್ನು ಬಿಗಿಯಾಗಿ ಹಿಡಿದಿರುವುದು. ಆಗಲೇ ಎದ್ದರೆ ಸಾಕೇ? ಒಂದೇ ಕೋಣೆಯ ಮನೆಯಲ್ಲಿ ಎಲ್ಲಿಗೆ ಹೋಗುವುದು?

ಮೈಸೂರಿನ ಆಪ್ತಸಮಾಲೋಚಕಿ: ಪೆನ್ನು ಬಿಗಿಯುವುದೇ ನಿಮ್ಮ ಗುರುತು, ಕಿರುಚುವ ಹೊತ್ತಿಗೆ ತಡವಾಗಿರುತ್ತದೆ. ಪೆನ್ನನ್ನು ಕೆಳಗಿಟ್ಟು ಬಚ್ಚಲಿಗೋ ಮೆಟ್ಟಿಲಿಗೋ ಹೋಗಿ, ಉಸಿರನ್ನು ಒಳಗೆಳೆಯುವುದಕ್ಕಿಂತ ಹೊರಬಿಡುವುದನ್ನು ಉದ್ದವಾಗಿಸಿ, ನಿಮಿಷಕ್ಕೆ ಸುಮಾರು ಆರು ಉಸಿರಿನಂತೆ ಉಸಿರಾಡಿ. ದಂಪತಿಗಳ ಜಗಳವನ್ನು ಅಧ್ಯಯನ ಮಾಡಿದ ಜಾನ್ ಗಾಟ್ಮನ್ ಕನಿಷ್ಠ 20 ನಿಮಿಷಗಳ ಬಿಡುವು ಬೇಕೆನ್ನುತ್ತಾರೆ; ಎರಡೇ ನಿಮಿಷದಲ್ಲಿ ಮರಳಿದರೆ ಎದೆ ಇನ್ನೂ ಹೊಡೆದುಕೊಳ್ಳುತ್ತಿರುತ್ತದೆ. ಹಾಗೆ ಎದ್ದುಹೋಗುವುದನ್ನು ಮಗ ಶಿಕ್ಷೆಯೆಂದು ತಿಳಿಯಬಾರದು. ಆದ್ದರಿಂದ ಸಿಟ್ಟಿಲ್ಲದ ಹೊತ್ತಿನಲ್ಲಿ 'ಅಪ್ಪ ಎದ್ದುಹೋದರೆ ನಿನ್ನ ತಪ್ಪಲ್ಲ, ವಾಪಸು ಬರುತ್ತೇನೆ' ಎಂದು ಮೊದಲೇ ಹೇಳಿಡಿ. ಇಷ್ಟಾಗಿಯೂ ಕೈ ಎತ್ತುವ ಹಂತಕ್ಕೆ ಹೋಗುತ್ತಿದ್ದರೆ ಒಬ್ಬರೇ ಹೆಣಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.