ಪೋಸ್ಟ್ ಶೆಡ್ಯೂಲ್ ಮಾಡಲು ಪ್ಲಾನರ್ ಸಾಕಾ, ದುಡ್ಡಿನ ಟೂಲ್ ಬೇಕಾ, ಸ್ಕ್ರಿಪ್ಟ್ ಬರೆಯಬೇಕಾ?

ಸುಮಾ: ನಮ್ಮದು ಕೈಚೀಲ ಹೊಲಿದು ಮಾರುವ ಸಣ್ಣ ವ್ಯವಹಾರ. ಒಂದು ಇನ್‌ಸ್ಟಾಗ್ರಾಂ, ಒಂದು ಫೇಸ್‌ಬುಕ್ ಪೇಜ್. ವಾರಕ್ಕೆ ನಾಲ್ಕೈದು ಪೋಸ್ಟ್, ನಾನು ಮತ್ತು ನನ್ನ ತಂಗಿ ಹಾಕುತ್ತೇವೆ. ಮೆಟಾ ಬಿಸಿನೆಸ್ ಸೂಟ್‌ನಲ್ಲಿರುವ ಪ್ಲಾನರ್ ಸಾಕಾ, ತಿಂಗಳು ತಿಂಗಳು ದುಡ್ಡು ಕಟ್ಟುವ ಟೂಲ್ ಬೇಕಾ? ತಂಗಿಗೆ ಪೈಥಾನ್ ಬರುತ್ತದೆ, ಸ್ಕ್ರಿಪ್ಟ್ ಬರೆದುಕೊಡ್ತೀನಿ ಅನ್ನುತ್ತಿದ್ದಾಳೆ.

ರಘು: ಮನೆಯಲ್ಲೇ ಪೈಥಾನ್ ಬರುವವರಿದ್ದಾರೆ ಅಂದಮೇಲೆ ಯೋಚನೆ ಯಾಕೆ? ಸ್ಕ್ರಿಪ್ಟ್ ನೇರವಾಗಿ ಮೆಟಾ ಜೊತೆ ಮಾತಾಡುವ ದಾರಿ ಎಪಿಐ, ಅದಕ್ಕೆ ದುಡ್ಡಿಲ್ಲ. ಚಿತ್ರ, ಬರಹ, ಸಮಯ ಕಳಿಸಿದರೆ ಆಯಿತು, ಹೊತ್ತಿಗೆ ಸರಿಯಾಗಿ ಅವರೇ ಹಾಕುತ್ತಾರೆ. ಒಂದು ಸಂಜೆಯ ಕೆಲಸ. ಟೂಲ್‌ಗಳೂ ಒಳಗೆ ಇದನ್ನೇ ಮಾಡೋದು, ಅದಕ್ಕೆ ಸುಮ್ನೆ ದುಡ್ಡು ಕೊಡಬೇಕಷ್ಟೇ.

ಲೋಕೇಶ್: ನಾವು ಗ್ರಾಹಕರ ಅಪಾಯಿಂಟ್‌ಮೆಂಟ್‌ಗೆ ಕ್ಯಾಲೆಂಡರ್ ಲಿಂಕ್ ಕಳಿಸುತ್ತೇವೆ. ಅವರೇ ಸಮಯ ಆರಿಸಿಕೊಳ್ಳುತ್ತಾರೆ, ತುಂಬಾ ಆರಾಮ.

ಸುಮಾ: ಲೋಕೇಶ್ ಸರ್, ನಾನು ಕೇಳಿದ್ದು ಪೋಸ್ಟ್‌ಗಳ ವಿಷಯ 🙂

ಗೀತಾ: ರಘು ಅವರೇ, ನೀವು ಹೇಳಿದ್ದು ಫೇಸ್‌ಬುಕ್ ಪೇಜ್‌ಗೆ ಸರಿ. ಅಲ್ಲಿ `scheduled_publish_time` ಕೊಟ್ಟರೆ ಅವರೇ ಕಾದು ಹಾಕುತ್ತಾರೆ. ಇನ್‌ಸ್ಟಾಗ್ರಾಂ ಎಪಿಐನಲ್ಲಿ ಅದು ಇಲ್ಲ. ಅಲ್ಲಿ ಎರಡು ಹೆಜ್ಜೆ. ಮೊದಲು ಚಿತ್ರ ಮತ್ತು ಬರಹ ಸೇರಿಸಿ ಕಂಟೈನರ್ ಮಾಡಬೇಕು, ಆಮೇಲೆ `media_publish` ಕರೆಯಬೇಕು. ಕರೆದ ಕೂಡಲೇ ಪೋಸ್ಟ್ ಹೋಗುತ್ತದೆ. ಬಳಸದ ಕಂಟೈನರ್ 24 ಗಂಟೆಗೆ ಸತ್ತುಹೋಗುತ್ತದೆ, ಹಾಗಾಗಿ ಭಾನುವಾರ ಕೂತು ಇಡೀ ವಾರದ್ದು ಮಾಡಿಟ್ಟರೆ ಪ್ರಯೋಜನವಿಲ್ಲ. ಪೋಸ್ಟ್ ಹೋಗುವ ಹೊತ್ತಿಗೆ ನಿಮ್ಮ ಕಡೆಯ ಒಂದು ಯಂತ್ರ ಎದ್ದಿರಲೇಬೇಕು. ಚಿತ್ರ ಜೆಪೆಗ್ ಆಗಿರಬೇಕು. ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಇದ್ದರೆ ಸಾಲದು, ಯಾರು ಬೇಕಾದರೂ ತೆರೆಯಬಹುದಾದ ವೆಬ್ ವಿಳಾಸದಲ್ಲಿರಬೇಕು.

ರಘು: ಅಷ್ಟೇ ತಾನೇ? ಸ್ಕ್ರಿಪ್ಟನ್ನು ಗಿಟ್‌ಹಬ್‌ನವರ ಯಂತ್ರದಲ್ಲೇ ಓಡಿಸುವ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಟೈಮರ್ ಇಡಲಿ. ಅದೂ ಪುಕ್ಕಟೆ. ಅಲ್ಲಿ ಲ್ಯಾಪ್‌ಟಾಪ್ ಆನ್ ಇರಬೇಕಾಗಿಲ್ಲ.

ಗೀತಾ: ಇಡಬಹುದು. ಆದರೆ ಜನ ಜಾಸ್ತಿ ಇರುವ ಹೊತ್ತಿನಲ್ಲಿ, ಮುಖ್ಯವಾಗಿ ಗಂಟೆ ಹೊಡೆಯುವ ಸಮಯದಲ್ಲಿ, ಆ ಟೈಮರ್ ತಡವಾಗುತ್ತದೆ. ಕೈಚೀಲದ ಪೋಸ್ಟ್ ಇಪ್ಪತ್ತು ನಿಮಿಷ ತಡವಾದರೆ ಯಾರಿಗೂ ನಷ್ಟವಿಲ್ಲ, ಒಪ್ಪುತ್ತೇನೆ. ಇನ್ನೊಂದು ಸ್ವಲ್ಪ ಗಂಭೀರ. ಕೋಡ್ ಎಲ್ಲರಿಗೂ ಕಾಣುವ ಪಬ್ಲಿಕ್ ರೆಪೊದಲ್ಲಿ 60 ದಿನ ಏನೂ ಚಟುವಟಿಕೆ ಇಲ್ಲದಿದ್ದರೆ ಗಿಟ್‌ಹಬ್ ಆ ಟೈಮರನ್ನೇ ನಿಲ್ಲಿಸಿಬಿಡುತ್ತದೆ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಟೋಕನ್, ಅಂದರೆ ಪಾಸ್‌ವರ್ಡ್ ಬದಲು ಸ್ಕ್ರಿಪ್ಟ್ ಬಳಸುವ ಕೀಲಿ. ತಂಗಿ ಇನ್‌ಸ್ಟಾಗ್ರಾಂ ಲಾಗಿನ್ ಮೂಲಕ ದೀರ್ಘಾವಧಿ ಟೋಕನ್ ಪಡೆಯುತ್ತಾರೆ ಅಂದುಕೊಳ್ಳಿ. ಅದರ ಆಯಸ್ಸು 60 ದಿನ. ಮೊದಲ ಎರಡು ತಿಂಗಳು ಎಲ್ಲ ಚೆನ್ನಾಗಿ ನಡೆಯುತ್ತದೆ, ಎಲ್ಲರಿಗೂ ಸ್ಕ್ರಿಪ್ಟ್ ಮೇಲೆ ನಂಬಿಕೆ ಬರುತ್ತದೆ, ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಆಮೇಲೆ ಒಂದು ದಿನ ಎಪಿಐ 190 ಅನ್ನುವ ದೋಷ ಕೊಡಲು ಶುರು ಮಾಡುತ್ತದೆ. ಸ್ಕ್ರಿಪ್ಟ್ ಅದನ್ನು ಲಾಗ್ ಫೈಲಿನಲ್ಲಿ ಬರೆದುಕೊಂಡು ಸುಮ್ಮನಾಗುತ್ತದೆ. ಆ ಫೈಲ್ ಓದುವವರು ಯಾರು? ಅಂಗಡಿಯ ಖಾತೆ ಖಾಲಿ ಬಿದ್ದಿದೆ ಅಂತ ಗೊತ್ತಾಗುವುದು ಗ್ರಾಹಕರು ಕೇಳಿದಾಗ.

ಇದಕ್ಕೆ ದಾರಿ ಇದೆ. ಟೋಕನ್ ಪಡೆದು 24 ಗಂಟೆ ಕಳೆದ ಮೇಲೆ, ಅವಧಿ ಮುಗಿಯುವ ಮೊದಲು ಯಾವಾಗ ಬೇಕಾದರೂ ನವೀಕರಿಸಬಹುದು, ಮತ್ತೆ 60 ದಿನ ಸಿಗುತ್ತದೆ. ತಿಂಗಳಿಗೊಮ್ಮೆ ಸ್ಕ್ರಿಪ್ಟೇ ನವೀಕರಿಸಿ ಹೊಸ ಟೋಕನ್ ಬರೆದಿಟ್ಟುಕೊಳ್ಳಲಿ. ಅವಧಿ ಮುಗಿದ ಮೇಲೆ ಮಾತ್ರ ಸ್ಕ್ರಿಪ್ಟ್ ಕೈಯಲ್ಲಿ ಏನೂ ಆಗದು, ಮನುಷ್ಯರೇ ಮತ್ತೆ ಲಾಗಿನ್ ಆಗಬೇಕು.

ಅನ್ವರ್: ಬೇರೆಯವರ ಖಾತೆ ನೋಡಿಕೊಳ್ಳುವುದೇ ನನ್ನ ಕೆಲಸ, ದುಡ್ಡಿನ ಟೂಲ್ ಬಳಸುತ್ತೇನೆ. ನನಗೆ ಅದು ಬೇಕು. ಪೋಸ್ಟ್ ಹೋಗುವ ಮೊದಲು ಮಾಲೀಕರು ನೋಡಿ ಒಪ್ಪಬೇಕು, ಲಿಂಕ್ಡ್‌ಇನ್, ಯೂಟ್ಯೂಬ್ ಎಲ್ಲ ಒಂದೇ ಪರದೆಯಲ್ಲಿ ಕಾಣಬೇಕು. ಆದರೆ ಟೂಲ್ ತೆಗೆದುಕೊಂಡರೆ ತಲೆನೋವು ಮುಗಿಯಿತು ಅಂದುಕೊಳ್ಳಬೇಡಿ. ಒಬ್ಬ ಮಾಲೀಕರು ಪಾಸ್‌ವರ್ಡ್ ಬದಲಿಸಿದರು, ಖಾತೆಯ ಸಂಪರ್ಕ ಕಡಿದುಹೋಯಿತು. ಟೂಲ್‌ನವರು ಎಚ್ಚರಿಕೆಯ ಮೇಲ್ ಕಳಿಸಿದ್ದರು, ಆದರೆ ಅದು ಹೋಗಿದ್ದು ಕೆಲಸ ಬಿಟ್ಟುಹೋದವರ ವಿಳಾಸಕ್ಕೆ. ಇನ್ನೊಂದು, ರೀಲ್‌ಗೆ ಇನ್‌ಸ್ಟಾಗ್ರಾಂನ ಸಂಗ್ರಹದ ಹಾಡು ಬೇಕೆಂದರೆ ನನ್ನ ಟೂಲ್ ತಾನೇ ಹಾಕುವುದಿಲ್ಲ. ಹೊತ್ತಿಗೆ ಸರಿಯಾಗಿ ಫೋನಿಗೆ ನೆನಪೋಲೆ ಬರುತ್ತದೆ, ನಾವೇ ಆ್ಯಪ್ ತೆಗೆದು ಹಾಕಬೇಕು. ಹಾಡಿನ ರೀಲ್ ಜಾಸ್ತಿ ಮಾಡುವವರಿಗೆ ಅದೊಂದು ಅಲಾರಂ ಅಷ್ಟೇ.

ಸುಮಾ: ಹಾಗಾದರೆ ನಮಗೆ ಪ್ಲಾನರ್ ಸಾಕು ಅಂತೀರಾ? ಇಬ್ಬರೂ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದೇವೆ, ಅದು ಪರವಾಗಿಲ್ವಾ?

ಗೀತಾ: ಬೇಡ ಸುಮಾ ಅವರೇ. ಬಿಸಿನೆಸ್ ಸೂಟ್‌ನಲ್ಲಿ ತಂಗಿಗೆ ಅವರದೇ ಲಾಗಿನ್‌ನಿಂದ ಪೇಜ್‌ನ ಅಧಿಕಾರ ಕೊಡಿ. ಇಬ್ಬರಿಗೂ ಒಂದೇ ಕ್ಯಾಲೆಂಡರ್ ಕಾಣುತ್ತದೆ. ಎರಡೇ ಖಾತೆ, ಎರಡೂ ಮೆಟಾದವು, ವಾರಕ್ಕೆ ಐದು ಪೋಸ್ಟ್ ಅಂದರೆ ಪ್ಲಾನರ್ ಸಾಕು. ಟೋಕನ್ ಗೊಡವೆ ಇಲ್ಲ. ಇನ್‌ಸ್ಟಾಗ್ರಾಂ ಆ್ಯಪ್ ಒಳಗೂ ಶೆಡ್ಯೂಲ್ ಇದೆ. ಪ್ರೊಫೆಷನಲ್ ಖಾತೆ ಆಗಿದ್ದರೆ 75 ದಿನ ಮುಂದಿನವರೆಗೆ, ದಿನಕ್ಕೆ 25ರವರೆಗೆ ಇಡಬಹುದು. ಎರಡು ಕಡೆ ಇಟ್ಟು ಗೊಂದಲ ಮಾಡಿಕೊಳ್ಳಬೇಡಿ, ಒಂದು ಜಾಗ ಹಿಡಿದುಕೊಳ್ಳಿ.

ರಘು: ಪ್ಲಾನರ್ ಕಣ್ಣು ಮುಚ್ಚಿಕೊಂಡು ಹಾಕುತ್ತದೆ, ಅದನ್ನೂ ಹೇಳಿ. ಗುರುವಾರಕ್ಕೆ ಇಟ್ಟ ಚೀಲ ಬುಧವಾರ ಮಾರಿಹೋದರೆ? ಪೋಸ್ಟ್ ಹೋಗಿಯೇ ಹೋಗುತ್ತದೆ, ಜನ 'ಇದೆಯಾ' ಅಂತ ಕೇಳುತ್ತಾರೆ. ಸ್ಕ್ರಿಪ್ಟ್ ಆದರೆ ಹಾಕುವ ಮುಂಚೆ ಸ್ಟಾಕ್ ಶೀಟ್ ನೋಡುತ್ತದೆ, ಸೊನ್ನೆ ಇದ್ದರೆ ಬಿಡುತ್ತದೆ.

ಸುಮಾ: ಅಯ್ಯೋ, ಇದು ನಮಗೆ ಆಗುತ್ತಲೇ ಇರುತ್ತದೆ. ಬಹಳಷ್ಟು ಚೀಲಗಳು ಒಂದೊಂದೇ ಇರುವುದು.

ಗೀತಾ: ಇದು ನಿಜವಾದ ಕಾರಣ. ಎಪಿಐ ಬಳಸಬೇಕು ಅಂದರೆ ಇಂಥದಕ್ಕೆ ಬಳಸಬೇಕು. ಆದರೂ ಹಾಕುವ ಕೆಲಸವನ್ನು ಸ್ಕ್ರಿಪ್ಟ್‌ಗೆ ಕೊಡದೇ ಇದನ್ನು ಮಾಡಬಹುದು. ಪೋಸ್ಟ್‌ಗಳ ಪಟ್ಟಿ ಒಂದು ಶೀಟ್‌ನಲ್ಲಿರಲಿ. ಸ್ಕ್ರಿಪ್ಟ್ ಬೆಳಿಗ್ಗೆ ಅದನ್ನೂ ಸ್ಟಾಕನ್ನೂ ಹೋಲಿಸಿ, 'ನಾಳಿನ ಚೀಲ ಮಾರಿಹೋಗಿದೆ' ಅಂತ ನಿಮ್ಮಿಬ್ಬರಿಗೂ ಮೆಸೇಜ್ ಕಳಿಸಲಿ. ನೀವು ಪ್ಲಾನರ್‌ನಲ್ಲಿ ಅಳಿಸಿ. ಸ್ಕ್ರಿಪ್ಟ್ ಕೆಟ್ಟರೂ ಪೋಸ್ಟ್ ನಿಲ್ಲುವುದಿಲ್ಲ.

ರಘು: ಕೈಯಲ್ಲಿ ಅಳಿಸುವುದಾದರೆ ಸ್ಕ್ರಿಪ್ಟ್ ಯಾಕೆ? ಪೂರ್ತಿ ಮಾಡಿಬಿಡಲಿ. ಸ್ವಂತ ಖಾತೆಗೆ ಮಾತ್ರ ಅಂದರೆ ಮೆಟಾದವರು ಪರಿಶೀಲಿಸುವ ಆ್ಯಪ್ ರಿವ್ಯೂ ಕೂಡ ಬೇಕಿಲ್ಲ.

ಗೀತಾ: ರಿವ್ಯೂ ಬೇಕಿಲ್ಲ, ನಿಜ. ಪೂರ್ತಿ ಮಾಡುವುದಾದರೆ ತಂಗಿ ಇದನ್ನೊಂದು ನೋಡಿಕೊಳ್ಳಲಿ. `media_publish` ಕರೆದಾಗ ನೆಟ್ ನಿಧಾನವಾಗಿ ಟೈಮ್‌ಔಟ್ ಆಗಬಹುದು. ಉತ್ತರ ಬಂದಿಲ್ಲ ಅಂತ ಹೊಸ ಕಂಟೈನರ್ ಮಾಡಿ ಮತ್ತೆ ಕರೆದರೆ ಒಂದೇ ಚೀಲ ಎರಡು ಸಲ ಹೋಗುತ್ತದೆ. ಮೊದಲು ಹಳೆಯ ಕಂಟೈನರನ್ನೇ ಕೇಳಬೇಕು:

```
GET /<CONTAINER_ID>?fields=status_code
```

`PUBLISHED` ಬಂದರೆ ಪೋಸ್ಟ್ ಹೋಗಿದೆ, ಕೈ ಹಚ್ಚಬಾರದು. `FINISHED` ಬಂದರೆ ಸಿದ್ಧವಿದೆ, ಇನ್ನೂ ಹೋಗಿಲ್ಲ. `IN_PROGRESS` ಇದ್ದರೆ ಒಂದು ನಿಮಿಷ ಬಿಟ್ಟು ಮತ್ತೆ ಕೇಳಲಿ.

ಅನ್ವರ್: ಮುಂದೆ ಯೂಟ್ಯೂಬ್‌ಗೂ ಅದೇ ಸ್ಕ್ರಿಪ್ಟ್ ಹಿಗ್ಗಿಸುತ್ತೇವೆ ಅಂತ ಹೊರಡಬೇಡಿ ಮೇಡಂ. ಗೂಗಲ್‌ನವರು ಪರಿಶೀಲಿಸದ ಹೊಸ ಪ್ರಾಜೆಕ್ಟ್‌ನಿಂದ ಎಪಿಐ ಮೂಲಕ ಏರಿಸಿದ ವಿಡಿಯೊ ಪ್ರೈವೇಟ್ ಆಗಿಯೇ ಉಳಿಯುತ್ತದೆ. ಅದಕ್ಕೆ ಯೂಟ್ಯೂಬ್ ಸ್ಟುಡಿಯೋದ ಶೆಡ್ಯೂಲೇ ಸರಿ.

ಸುಮಾ: ಯೂಟ್ಯೂಬ್ ಸದ್ಯಕ್ಕಿಲ್ಲ ಸರ್. ಪ್ಲಾನರ್‌ಗೇ ಹೋಗುತ್ತೇವೆ, ತಂಗಿಗೆ ಸ್ಟಾಕ್ ನೋಡುವ ಸ್ಕ್ರಿಪ್ಟ್ ಸಾಕು ಅಂದೆ. ಅವಳು ಮಾತ್ರ ರಘು ಅವರ ಕಡೆ. ಗೀತಾ ಮೇಡಂ, ಬೆಳಿಗ್ಗೆ ನೋಡಿದ ಮೇಲೆ ಮಧ್ಯಾಹ್ನ ಮಾರಿಹೋದರೆ?

ಗೀತಾ: ಪೋಸ್ಟ್‌ಗೆ ಒಂದು ಗಂಟೆ ಮೊದಲು ಇನ್ನೊಮ್ಮೆ ನೋಡಲಿ. ಆ ಒಂದು ಗಂಟೆಯೊಳಗೆ ಮಾರಿದರೆ ಸಿಕ್ಕಿಬೀಳುತ್ತೀರಿ.

ರಘು: ಪೂರ್ತಿ ಸ್ಕ್ರಿಪ್ಟ್ ಆಗಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ 🙂